ಹತ್ತು ಹತ್ತಕ್ಕೆ ಬನ್ನಿ, ಹನ್ನೊಂದಕ್ಕೆ ಮೈಕ್ ನಿಮ್ಮದು

ಕೆಲವು ವರ್ಷಗಳ ಹಿಂದಿನ ಮಾತು. ನಾನಾಗ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಆ ವರ್ಷದ ವಾರ್ಷಿಕೋತ್ಸವಕ್ಕೆ ನಾನೇ ಸಂಚಾಲಕ. ನಮ್ಮ ಊರಿನ ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದ, ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೆವು. ಆಮಂತ್ರಣ ಪತ್ರಿಕೆಯಲ್ಲಿ ಬೆಳಿಗ್ಗೆ 9.30 ಎಂದು ಹಾಕಿದ್ದೆವು. ಮೇಷ್ಟ್ರು 9.20ಕ್ಕೇ ಬಸ್ಸಿಳಿದು, ಛತ್ರಿ ಹಿಡಿದುಕೊಂಡು ನಡೆದೇ ಬಂದರು. ಗೇಟಿನಲ್ಲಿ ಯಾರೂ ಇರಲಿಲ್ಲ. ಸಭಾಂಗಣದಲ್ಲಿ ಹುಡುಗರು ಇನ್ನೂ ಕುರ್ಚಿ ಹಾಕುತ್ತಿದ್ದರು.

ಅವರನ್ನು ಪ್ರಾಂಶುಪಾಲರ ಕೋಣೆಯಲ್ಲಿ ಕೂರಿಸಿದೆವು. ಒಂದು ಚಹಾ ಆಯಿತು, ಇನ್ನೊಂದು ಚಹಾ ಆಯಿತು. ಕಾರ್ಯಕ್ರಮ ಶುರುವಾದದ್ದು 10.50ಕ್ಕೆ. ವೇದಿಕೆಯಲ್ಲಿ ಒಂಬತ್ತು ಮಂದಿ. ಒಬ್ಬೊಬ್ಬರಿಗೂ ಹೂ, ಶಾಲು ಕೊಟ್ಟು ಸ್ವಾಗತ ಮುಗಿಸುವಾಗ 11.15. ವರದಿ ವಾಚನಕ್ಕೆ 20 ನಿಮಿಷ. ಆಮೇಲೆ 'ಎರಡು ಮಾತು' ಆಡಲು ಎದ್ದ ನಾಲ್ಕು ಗಣ್ಯರಿಗೆ 40 ನಿಮಿಷ. ಆಮೇಲೆ ಬಹುಮಾನ. ಮೇಷ್ಟ್ರ ಕೈಗೆ ಮೈಕ್ ಬರುವಾಗ ಗಂಟೆ 12.50. ಲುಹ್ರ್ ಬಾಂಗ್ ಆಗಿ ಐದು ನಿಮಿಷ ಕಳೆದಿತ್ತು. ಬಹುಮಾನ ಸಿಕ್ಕಿದವರು ಹೊರಟಾಗಿತ್ತು, ನಮಾಝಿಗೆ ಹೋಗುವವರು ಎದ್ದಾಗಿತ್ತು, ಉಳಿದವರ ಕಣ್ಣು ಊಟದ ಪಂದಲಿನ ಕಡೆಗೆ. ಮೇಷ್ಟ್ರು ಜೇಬಿನಿಂದ ನಾಲ್ಕು ಹಾಳೆ ತೆಗೆದರು, ಸಭೆಯನ್ನು ಒಮ್ಮೆ ನೋಡಿದರು, ಹಾಳೆಗಳನ್ನು ಮಡಚಿ ಮತ್ತೆ ಜೇಬಿಗೆ ಹಾಕಿದರು. "ಮಕ್ಕಳೇ, ನಿಮಗೆ ಹಸಿವಾಗಿದೆ. ಚೆನ್ನಾಗಿ ಓದಿ, ಒಳ್ಳೆಯದಾಗಲಿ" ಎಂದು ನಾಲ್ಕು ನಿಮಿಷದಲ್ಲಿ ಕುಳಿತರು.

ಮರುವರ್ಷ ಅವರು ತೀರಿಕೊಂಡರು. ಆ ನಾಲ್ಕು ಹಾಳೆಗಳಲ್ಲಿ ಎಂತ ಇತ್ತು ಎಂದು ನಮಗೆ ಯಾರಿಗೂ ಗೊತ್ತಾಗಲೇ ಇಲ್ಲ. ಅದಕ್ಕೆ ಕಾರಣ ಬೇರೆ ಯಾರೂ ಅಲ್ಲ, ಅವರಿಗೆ ಪತ್ರ ಬರೆದ ನಾನು.

ಇದೆಲ್ಲ ನೆನಪಾದದ್ದು ನನ್ನ ತಂಗಿಯ ಮಗಳಿಂದ. ಅವಳು ಈಗ ಬಿ.ಸಿ. ರೋಡಿನಿಂದ ಆಚೆಗಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಒಂದು ಸಂಜೆ ಫೈಲ್ ಹಿಡಿದುಕೊಂಡು ಮನೆಗೆ ಬಂದಳು.

"ಮಾಮ, ಒಂದು ಪತ್ರ ಉಂಟು. ಸ್ವಲ್ಪ ತಿದ್ದಿ ಕೊಡ್ತೀರಾ? ಚೀಫ್ ಗೆಸ್ಟ್‌ಗೆ ಕಳಿಸ್ಲಿಕ್ಕೆ."

ಅವರ ಮುಖ್ಯ ಅತಿಥಿ ಅದೇ ಕಾಲೇಜಿನಲ್ಲಿ ಪಿಯುಸಿ ಕಲಿತು ಹೋದ, ಈಗ ಮಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬರು ವೈದ್ಯೆ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಮಗಳು ಅವರೇ ಅಂತೆ. ಬೀಡಿ ಕಟ್ಟಿ ಓದಿಸಿದ ಉಮ್ಮ ಇನ್ನೂ ಊರಿನಲ್ಲೇ ಇದ್ದಾರೆ. ಆ ಕಾಲೇಜಿನ 400 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣು ಮಕ್ಕಳು. ಅವರಿಗೆ ಈ ಅತಿಥಿಯ ಮಾತು ಕೇಳಿಸಬೇಕು ಎನ್ನುವುದು ನನ್ನ ಸೊಸೆಯ ಆಸೆ.

ಪತ್ರ ಓದಿದೆ. ಭಾಷೆಯೇನೋ ಚೆನ್ನಾಗಿತ್ತು. 'ತಾವು ಆಗಮಿಸಿ ಕಾರ್ಯಕ್ರಮದ ಶೋಭೆಯನ್ನು ಹೆಚ್ಚಿಸಿ, ನಾಲ್ಕು ಹಿತನುಡಿಗಳನ್ನಾಡಿ ನಮ್ಮನ್ನು ಹರಸಬೇಕಾಗಿ ವಿನಂತಿ' ಎಂದಿತ್ತು. ದಿನಾಂಕ ಇತ್ತು, ಸ್ಥಳ ಇತ್ತು, 'ಸಮಯ: ಬೆಳಿಗ್ಗೆ 9.30' ಎಂದೂ ಇತ್ತು.

ನಾನು ಕೇಳಿದೆ, "9.30 ಅಂದರೆ ಎಂತ? ಅವರು ಗೇಟಿಗೆ ಬರುವ ಹೊತ್ತಾ, ಕಾರ್ಯಕ್ರಮ ಶುರುವಾಗುವ ಹೊತ್ತಾ, ಅವರು ಮಾತಾಡುವ ಹೊತ್ತಾ?"

ಅವಳು ನಕ್ಕಳು. "ನಿಜ ಹೇಳ್ಬೇಕಾದ್ರೆ ಮಾಮ, ಶುರುವಾಗುವುದು 10.30ಕ್ಕೆ. ದೊಡ್ಡವರು ಹೇಗೂ ಲೇಟ್ ಬರ್ತಾರಲ್ಲ, ಒಂದು ಗಂಟೆ ಮುಂಚೆ ಹಾಕಿದ್ರೆ ಸರಿಯಾಗ್ತದೆ ಅಂತ ಎಲ್ಲರೂ ಹೇಳಿದ್ರು."

ಈ ಉಪಾಯ ನಮ್ಮಲ್ಲಿ ಮದುವೆ ಕಾಗದದಿಂದ ಹಿಡಿದು ಎಲ್ಲ ಕಡೆ ಉಂಟು. ಅದರ ಫಲ ಏನೆಂದರೆ, ತಡವಾಗಿ ಬರುವವನಿಗೆ ಏನೂ ಆಗುವುದಿಲ್ಲ, ಹೇಳಿದ ಹೊತ್ತಿಗೆ ಬಂದವರು ಒಂದು ಗಂಟೆ ಕಾಯುತ್ತಾರೆ. ಒಮ್ಮೆ ಕಾದವರು ಮುಂದಿನ ಬಾರಿ ತಾವೂ ಒಂದು ಗಂಟೆ ಕೂಡಿಸಿಕೊಂಡೇ ಹೊರಡುತ್ತಾರೆ. ಆಗ ನಾವು ಒಂದೂವರೆ ಗಂಟೆ ಮುಂಚೆ ಹಾಕಬೇಕಾಗುತ್ತದೆ.

ಮುಖ್ಯ ಅತಿಥಿಗೆ ಬರೆಯುವ ಪತ್ರದಲ್ಲಿ ಒಂದು ಹೊತ್ತು ಸಾಲದು, ಮೂರು ಸಂಗತಿ ಬೇಕು. ಅವರು ಕಾಲೇಜಿಗೆ ತಲುಪಬೇಕಾದ ಗಂಟೆ, ಅವರ ಮಾತು ಶುರುವಾಗುವ ಗಂಟೆ, ಆ ಮಾತಿಗೆ ಇಟ್ಟಿರುವ ನಿಮಿಷ. ಇವುಗಳ ಜೊತೆಗೆ ಅವರನ್ನು ಬಿಟ್ಟುಕೊಡುವ ಹೊತ್ತನ್ನೂ ಹೇಳಿದರೆ ಅವರ ಆ ದಿನದ ಉಳಿದ ಕೆಲಸ ಸುಸೂತ್ರವಾಗುತ್ತದೆ. ಈ ಸಂಗತಿಗಳನ್ನು ಬರೆಯಬೇಕಾದರೆ ಮೊದಲು ನಮಗೇ ಅವು ಗೊತ್ತಿರಬೇಕು. ಗೊತ್ತಿಲ್ಲದ್ದರಿಂದಲೇ ನಾವು 'ನಾಲ್ಕು ಹಿತನುಡಿ' ಎಂದು ಬರೆದು ಕೈತೊಳೆದುಕೊಳ್ಳುವುದು.

ಆದ್ದರಿಂದ ಆ ಸಂಜೆ ನಾವು ಪತ್ರವನ್ನು ಬದಿಗಿಟ್ಟು, ಒಂದು ಹಾಳೆಯಲ್ಲಿ ಕಾರ್ಯಕ್ರಮವನ್ನು ಕೊನೆಯಿಂದ ಹಿಂದಕ್ಕೆ ಬರೆಯಲು ಕೂತೆವು.

ಕೊನೆಯಿಂದ ಯಾಕೆಂದರೆ, ಯಾವುದೇ ಕಾರ್ಯಕ್ರಮದಲ್ಲಿ ಅಲುಗಾಡದ ಹೊತ್ತು ಇರುವುದು ಕೊನೆಯಲ್ಲಿ. ಜನವರಿಯ ಮೂರನೆಯ ವಾರ ನಮ್ಮ ಕಡೆ ಲುಹ್ರ್ ಬಾಂಗ್ ಹನ್ನೆರಡೂ ಮುಕ್ಕಾಲರ ಹೊತ್ತಿಗೆ. ಅಡುಗೆಯವರು ಒಂದು ಗಂಟೆಗೆ ಊಟ ಸಿದ್ಧ ಎಂದಿದ್ದಾರೆ. ಡಾಕ್ಟರಿಗೆ ಮಧ್ಯಾಹ್ನ 3 ಗಂಟೆಗೆ ಮಂಗಳೂರಿನಲ್ಲಿ ರೋಗಿಗಳಿದ್ದಾರೆ, ದಾರಿಗೆ ಒಂದೂಕಾಲು ಗಂಟೆ ಬೇಕು. ಹಾಗಾಗಿ ಅವರು ಊಟ ಮಾಡಿ 1.30ಕ್ಕೆ ಹೊರಡಬೇಕು. ಸಭೆ 12.20ಕ್ಕೆ ಮುಗಿಯಲೇಬೇಕು.

ಪ್ರಾಂಶುಪಾಲರು ಮೊದಲು ಶುಕ್ರವಾರ ಇಡೋಣ ಎಂದಿದ್ದರಂತೆ. ಶುಕ್ರವಾರವಾದರೆ ಜುಮಾ ಇರುವುದರಿಂದ 11.45ರ ಒಳಗೆ ಎಲ್ಲ ಮುಗಿಯಬೇಕು. ಬಹುಮಾನ ವಿತರಣೆ ಇರುವ ಸಭೆ ಅಷ್ಟರಲ್ಲಿ ಮುಗಿಯುವುದಿಲ್ಲ. ಮುಗಿಸಲು ಹೊರಟರೆ ಕತ್ತರಿ ಬೀಳುವುದು ಅತಿಥಿಯ ಮಾತಿಗೇ. ಹುಡುಗಿ ಅದನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಶನಿವಾರಕ್ಕೆ ಒಪ್ಪಿದರು. ಸಂಜೆಯ ಕಾರ್ಯಕ್ರಮವಾದರೂ ಇದೇ ಲೆಕ್ಕ. ಜನವರಿಯಲ್ಲಿ ಮಗ್ರಿಬ್ ಆರು ಇಪ್ಪತ್ತರ ಆಸುಪಾಸು. ಐದಕ್ಕೆ ಶುರುವಾದ ಸಭೆಯಲ್ಲಿ ಅತಿಥಿಯ ಮಾತು ಒಂದೋ ಆರೂ ಐದರ ಒಳಗೆ ಮುಗಿಯಬೇಕು, ಇಲ್ಲದಿದ್ದರೆ ನಮಾಝಿನ ವಿರಾಮ ಕೊಟ್ಟು ಆರೂ ಮುಕ್ಕಾಲಿಗೆ ಶುರುವಾಗಬೇಕು. ನಡುವಿನಲ್ಲಿ ಬಿದ್ದರೆ ಅರ್ಧ ಸಭೆ ಎದ್ದು ಹೋಗುತ್ತದೆ, ಅತಿಥಿ ಯಾಕೆಂದು ತಿಳಿಯದೆ ಗಲಿಬಿಲಿಗೊಳ್ಳುತ್ತಾರೆ.

ಇನ್ನು ನಡುವಿನ ಲೆಕ್ಕ. ಅತಿ ಹೆಚ್ಚು ಹೊತ್ತು ನುಂಗುವುದು ಬಹುಮಾನ. "ಎಷ್ಟು ಬಹುಮಾನ ಉಂಟು?" ಎಂದೆ. "ಅರುವತ್ತು." "ಒಂದಕ್ಕೆ ಎಷ್ಟು ಹೊತ್ತು?" ಅವಳಿಗೆ ಗೊತ್ತಿರಲಿಲ್ಲ. ನಾವು ಮನೆಯಲ್ಲೇ ಆಡಿ ನೋಡಿದೆವು. ಅವಳು ಹೆಸರು ಕರೆದಳು, ಅವಳ ತಮ್ಮ ಹಿಂದಿನ ಕೋಣೆಯಿಂದ ಎದ್ದು ಬಂದು ನನ್ನ ಕೈಯಿಂದ ಒಂದು ಪುಸ್ತಕ ಪಡೆದು, ಫೋಟೋಗೆ ನಿಂತು, ಇಳಿದು ಹೋದ. ಅರ್ಧ ನಿಮಿಷ ಆಯಿತು. ಮುಂದಿನವನು ಮೆಟ್ಟಿಲ ಬಳಿ ಸಾಲಿನಲ್ಲಿ ಸಿದ್ಧನಿದ್ದರೂ ಅರ್ಧ ನಿಮಿಷ ಬೇಕು. ಅಂದರೆ 60 ಬಹುಮಾನಕ್ಕೆ 30 ನಿಮಿಷ. ಅವರ ಪಟ್ಟಿಯಲ್ಲಿ ಇದಕ್ಕೆ 10 ನಿಮಿಷ ಇಟ್ಟಿದ್ದರು.

ಆಮೇಲೆ ಮುಖ್ಯ ಪ್ರಶ್ನೆ ಬಂತು. ಅತಿಥಿಯ ಮಾತು ಬಹುಮಾನಕ್ಕಿಂತ ಮೊದಲೋ ನಂತರವೋ? ನಮ್ಮಲ್ಲಿ ಹಿರಿಯರ ಮಾತು ಕೊನೆಗಿರಬೇಕು ಎನ್ನುವ ಒಂದು ಅಭ್ಯಾಸ ಉಂಟು. ಆದರೆ ಬಹುಮಾನ ಸಿಕ್ಕಿದ ಮಗು ಸಭೆಯಲ್ಲಿ ಕೂರುವುದಿಲ್ಲ, ಅದರ ಗೆಳತಿಯರೂ ಕೂರುವುದಿಲ್ಲ, ನೋಡಲು ಬಂದ ಉಮ್ಮಂದಿರೂ ಮಗುವಿನ ಹಿಂದೆಯೇ ಹೊರಡುತ್ತಾರೆ. ಬಹುಮಾನ ಇನ್ನೂ ಬಾಕಿ ಇರುವಾಗ ಎಲ್ಲರೂ ಕುರ್ಚಿಯಲ್ಲಿ ಇರುತ್ತಾರೆ. ಮೇಷ್ಟ್ರಿಗೆ ಆದ ಅನ್ಯಾಯದ ಅರ್ಧ ಭಾಗ ನಾನು ಬಹುಮಾನವನ್ನು ಮೊದಲು ಇಟ್ಟದ್ದರಿಂದಲೇ ಆದದ್ದು. ಹಾಗಾಗಿ ಡಾಕ್ಟರ ಮಾತು ಮೊದಲು, ಬಹುಮಾನ ಆಮೇಲೆ ಎಂದು ಬರೆದೆವು.

ಕೊನೆಗೆ ಹಾಳೆಯಲ್ಲಿ ಹೀಗೆ ನಿಂತಿತು. 10.30ಕ್ಕೆ ಕಿರಾಅತ್, 3 ನಿಮಿಷ. ಪ್ರಾಂಶುಪಾಲರಿಂದ ಸ್ವಾಗತ, 7 ನಿಮಿಷ. ಉದ್ಘಾಟನೆ, 5 ನಿಮಿಷ. ವಾರ್ಷಿಕ ವರದಿ, 10 ನಿಮಿಷ. ಅತಿಥಿಯ ಪರಿಚಯ, 2 ನಿಮಿಷ. ಇಷ್ಟಾಗುವಾಗ 10.57. ಮೂರು ನಿಮಿಷ ಉಸಿರು ಬಿಡಲು. ಸರಿಯಾಗಿ 11ಕ್ಕೆ ಮುಖ್ಯ ಅತಿಥಿಯ ಮಾತು, 20 ನಿಮಿಷ. 11.20ರಿಂದ 11.50ರ ತನಕ ಬಹುಮಾನ. ಅತಿಥಿಗೆ ಸ್ಮರಣಿಕೆ 3 ನಿಮಿಷ, ಆಡಳಿತ ಮಂಡಳಿಯ ಅಧ್ಯಕ್ಷರ ಮಾತು 7 ನಿಮಿಷ, ಧನ್ಯವಾದ ಮತ್ತು ರಾಷ್ಟ್ರಗೀತೆಗೆ 5 ನಿಮಿಷ. ರಾಷ್ಟ್ರಗೀತೆಗೆ ಬೇಕಾದದ್ದು 52 ಸೆಕೆಂಡು, ಆದರೆ ಎಲ್ಲರೂ ಎದ್ದು ನಿಲ್ಲುವುದಕ್ಕೂ ಹೊತ್ತು ಬೇಕು. 12.05ಕ್ಕೆ ಮುಗಿಯುತ್ತದೆ. 12.20ರ ತನಕ ಇರುವ 15 ನಿಮಿಷ ನಮ್ಮ ಗಂಟಿನಲ್ಲಿ ಉಳಿತಾಯ. ಅದನ್ನು ಯಾರಿಗೂ ಹೇಳಬಾರದು ಎಂದೆ. ಹೇಳಿದರೆ ಅದಕ್ಕೂ ಒಬ್ಬರು ಭಾಷಣಗಾರರು ಹುಟ್ಟಿಕೊಳ್ಳುತ್ತಾರೆ.

"ಮಾಮ, ಇದರಲ್ಲಿ ಬಾಕಿಯವರ ಭಾಷಣವೇ ಇಲ್ಲವಲ್ಲ? ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರಿದ್ದಾರೆ, ಬಹುಮಾನದ ಖರ್ಚು ಕೊಟ್ಟವರಿದ್ದಾರೆ. ಬೇಸರ ಮಾಡ್ಕೊಳ್ತಾರೆ."

ಇದು ನಿಜವಾದ ತೊಡಕು. 'ಎರಡು ಮಾತು' ಎಂದು ಕರೆದವರು ಸರಾಸರಿ ಐದು ನಿಮಿಷವಾದರೂ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಎರಡು ನಿಮಿಷ ವೇದಿಕೆಯಲ್ಲಿರುವವರ ಹೆಸರು ಹೇಳಲಿಕ್ಕೇ ಬೇಕು. ಆರು ಮಂದಿ ಎದ್ದರೆ ಅರ್ಧ ಗಂಟೆ ಹೋಯಿತು. ಅವರಿಗೆ ಗೌರವ ಕೊಡಬೇಕು, ಆದರೆ ಮೈಕ್‌ನಿಂದಲೇ ಕೊಡಬೇಕಾಗಿಲ್ಲ. ಅರುವತ್ತು ಬಹುಮಾನವನ್ನು ಹತ್ತು ಹತ್ತರಂತೆ ಪಾಲು ಮಾಡಿ, ಒಬ್ಬೊಬ್ಬ ಗಣ್ಯರ ಹೆಸರು, ಅವರು ಕಾಲೇಜಿಗೆ ಮಾಡಿದ ಉಪಕಾರ ಒಂದು ವಾಕ್ಯದಲ್ಲಿ ಹೇಳಿ, ಅವರ ಕೈಯಿಂದ ಕೊಡಿಸಬಹುದು. ಮಕ್ಕಳ ಜೊತೆ ಹತ್ತು ಫೋಟೋ ಬರುತ್ತದೆ. ಐದು ನಿಮಿಷದ ಭಾಷಣಕ್ಕಿಂತ ಅವರಿಗೂ ಅದೇ ಖುಷಿ. ಆದರೆ ಇದನ್ನು ಮೊದಲೇ, ಅವರನ್ನು ಕರೆಯುವಾಗಲೇ ಹೇಳಬೇಕು. ವೇದಿಕೆಯ ಮೇಲೆ ಕೂತ ಮೇಲೆ 'ನಿಮಗೆ ಮಾತಿಲ್ಲ' ಎಂದರೆ ಅವಮಾನವಾಗುತ್ತದೆ.

ಹೀಗೆ ಹಾಳೆ ಸಿದ್ಧವಾದ ಮೇಲೆ ಪತ್ರ ತಾನಾಗಿಯೇ ಬಂತು. ಅದನ್ನು ಇಲ್ಲಿ ಪೂರ್ತಿ ಕೊಡುತ್ತೇನೆ. ನಿಮ್ಮ ಮನೆಯ ಮಕ್ಕಳಿಗೆ ಬೇಕಾದರೆ ಹೆಸರು, ದಿನಾಂಕ ಬದಲಿಸಿ ಬಳಸಿಕೊಳ್ಳಬಹುದು.

'ಮಾನ್ಯ ಡಾಕ್ಟರ್ ಅವರಿಗೆ,

ಅಸ್ಸಲಾಮು ಅಲೈಕುಂ. ನಿನ್ನೆ ಫೋನಿನಲ್ಲಿ ಮಾತಾಡಿದಂತೆ, ಜನವರಿಯ ಮೂರನೆಯ ಶನಿವಾರ ನಮ್ಮ ಕಾಲೇಜಿನ ಸಭಾಂಗಣದಲ್ಲಿ ನಡೆಯುವ ವಾರ್ಷಿಕೋತ್ಸವಕ್ಕೆ ತಮ್ಮನ್ನು ಮುಖ್ಯ ಅತಿಥಿಯಾಗಿ ಆಹ್ವಾನಿಸುತ್ತಿದ್ದೇವೆ.

ತಾವು ಬೆಳಿಗ್ಗೆ 10.10ಕ್ಕೆ ಕಾಲೇಜಿಗೆ ತಲುಪಿದರೆ ಸಾಕು. ಗೇಟಿನ ಬಳಿ ನಮ್ಮ ಉಪನ್ಯಾಸಕಿಯೊಬ್ಬರು ಮತ್ತು ಇಬ್ಬರು ವಿದ್ಯಾರ್ಥಿನಿಯರು ತಮ್ಮನ್ನು ಎದುರುಗೊಳ್ಳುತ್ತಾರೆ. ಸಭೆ 10.30ಕ್ಕೆ ಆರಂಭವಾಗುತ್ತದೆ. ತಮ್ಮ ಮಾತು 11 ಗಂಟೆಗೆ, ವಾರ್ಷಿಕ ವರದಿಯ ನಂತರ, ಬಹುಮಾನ ವಿತರಣೆಯ ಮೊದಲು. ಅದಕ್ಕೆ 20 ನಿಮಿಷ ಮೀಸಲಿಟ್ಟಿದ್ದೇವೆ. ಬಳಿಕ ಮೊದಲ ಹತ್ತು ಬಹುಮಾನಗಳನ್ನು ತಾವು ನೀಡಬೇಕೆಂದು ಕೋರಿಕೆ. ಸಭೆ 12.20ರೊಳಗೆ ಮುಗಿಯುತ್ತದೆ. ಊಟ ಮಾಡಿ 1.30ಕ್ಕೆ ತಾವು ಹೊರಡಬಹುದು.

ಸಭೆಯಲ್ಲಿ ಬಿ.ಎ., ಬಿ.ಕಾಂ. ಓದುವ ಸುಮಾರು 400 ವಿದ್ಯಾರ್ಥಿಗಳು ಮತ್ತು ಹೆತ್ತವರು ಇರುತ್ತಾರೆ. ಈ ಕಾಲೇಜಿನಿಂದ ವೈದ್ಯಕೀಯಕ್ಕೆ ತಾವು ನಡೆದು ಬಂದ ದಾರಿಯ ಬಗ್ಗೆ ತಾವು ಕನ್ನಡದಲ್ಲಿ ಮಾತಾಡಿದರೆ ನಮಗೆ ಉಪಕಾರ. ಹೆತ್ತವರಿಗಾಗಿ ನಡುವೆ ಬ್ಯಾರಿಯಲ್ಲೂ ಹೇಳಬಹುದು.

ಕಾರ್ಯಕ್ರಮದ ಪಟ್ಟಿಯನ್ನು ಜೊತೆಗೆ ಇಟ್ಟಿದ್ದೇವೆ. ಹೊತ್ತು ತಮಗೆ ಹೊಂದದಿದ್ದರೆ ದಯವಿಟ್ಟು ಈ ವಾರದೊಳಗೆ ತಿಳಿಸಿ, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಬದಲಿಸುತ್ತೇವೆ.'

ಕೆಳಗೆ ಪ್ರಾಂಶುಪಾಲರ ಸಹಿ ಮತ್ತು ಮೊಹರು, ಅದರ ಎಡಕ್ಕೆ ಕಾರ್ಯದರ್ಶಿಯ ಸಹಿ ಮತ್ತು ಫೋನ್ ನಂಬರ್. ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಕಳಿಸಬೇಕು. ವಿದ್ಯಾರ್ಥಿ ಒಬ್ಬಳೇ ಸಹಿ ಮಾಡಿದ ಪತ್ರವನ್ನು ನಂಬಿ ಯಾರೂ ರಜೆ ಹಾಕುವುದಿಲ್ಲ.

ಈ ಪತ್ರದಲ್ಲಿ ಒಂದೆರಡು ಮಾತುಗಳನ್ನು ಬೇಕೆಂದೇ ಹಾಗೆ ಇಟ್ಟದ್ದು. 10.10 ಎಂದು ಹಾಕಿದ್ದು ಯಾಕೆಂದು ಅವಳು ಕೇಳಿದಳು. ಕಾರು ನಿಲ್ಲಿಸಿ, ಕೈಮುಖ ತೊಳೆದು, ಒಂದು ಚಹಾ ಕುಡಿದು, ಅಧ್ಯಕ್ಷರಿಗೆ ಸಲಾಂ ಹೇಳಿ, ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಲು 20 ನಿಮಿಷ ಬೇಕು, ಸಾಕು. ಅದಕ್ಕಿಂತ ಹೆಚ್ಚಾದರೆ ಅತಿಥಿ ಕಾಯುತ್ತಿದ್ದಾರೆ ಎಂದೇ ಅರ್ಥ. ಮತ್ತೆ '10 ಗಂಟೆಗೆ' ಎಂದರೆ ಜನ ಅದನ್ನು ಹತ್ತೂಕಾಲು, ಹತ್ತೂವರೆ ಎಂದು ಓದಿಕೊಳ್ಳುತ್ತಾರೆ. '10.10' ಎಂದು ಬರೆದವರು ಲೆಕ್ಕ ಹಾಕಿಯೇ ಬರೆದಿದ್ದಾರೆ ಎಂದು ಓದಿದವರಿಗೆ ತಿಳಿಯುತ್ತದೆ. ಹೆದ್ದಾರಿ ಕಾಮಗಾರಿ ನಡೆಯುವ ದಾರಿಯಾದರೆ, ಶನಿವಾರ ಬೆಳಿಗ್ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಊರಿನವರು ನಾವೇ ಫೋನಿನಲ್ಲಿ ಹೇಳಬೇಕು. ಅದು ಅವರಿಗೆ ಗೊತ್ತಿರುವುದಿಲ್ಲ.

ಭಾಷಣದ ಹೊತ್ತನ್ನು ಹೇಳುವುದಕ್ಕೆ ಮಕ್ಕಳಿಗೆ ನಾಚಿಕೆ. "ದೊಡ್ಡವರಿಗೆ 20 ನಿಮಿಷ ಮಾತ್ರ ಅಂತ ಹೇಗೆ ಹೇಳುವುದು ಮಾಮ, ಮರ್ಯಾದೆ ಇಲ್ಲದ ಹಾಗೆ ಆಗುವುದಿಲ್ವಾ?" ಎಂದಳು. '20 ನಿಮಿಷ ಮೀರಬಾರದು' ಎಂದು ಬರೆದರೆ ಹೌದು, ಹಾಗೆ ಆಗುತ್ತದೆ. '20 ನಿಮಿಷ ಮೀಸಲಿಟ್ಟಿದ್ದೇವೆ' ಎಂದರೆ ಆಗುವುದಿಲ್ಲ. ಮೀಸಲು ಎಂದ ಮೇಲೆ ಅದು ಅವರಿಗೆ ಹಾಕಿದ ಬೇಲಿ ಮಾತ್ರವಲ್ಲ, ನಾವು ಅವರಿಗೆ ಕೊಟ್ಟ ಮಾತೂ ಹೌದು. ಆ 20 ನಿಮಿಷದಿಂದ ಬೇರೆ ಯಾರಿಗೂ ಒಂದು ನಿಮಿಷ ಕೊಡುವ ಹಕ್ಕು ನಮಗೆ ಇಲ್ಲ. ನಾನು ಮೇಷ್ಟ್ರಿಗೆ ಹೀಗೊಂದು ಮಾತು ಕೊಟ್ಟಿದ್ದರೆ ಆ ನಾಲ್ಕು ಗಣ್ಯರನ್ನು ತಡೆಯುವ ಧೈರ್ಯ ನನಗೆ ಬರುತ್ತಿತ್ತು. ಹೊತ್ತು ಹೇಳದಿದ್ದರೆ ಆಗುವುದು ಎರಡರಲ್ಲಿ ಒಂದು. ಒಂದೋ ಅತಿಥಿ ಮುಕ್ಕಾಲು ಗಂಟೆಗೆ ತಯಾರಾಗಿ ಬಂದು, ಅರ್ಧದಲ್ಲಿ ಚೀಟಿ ಬಂದಾಗ ಮುಖ್ಯ ವಿಷಯ ಹೇಳದೆ ಕೂರುತ್ತಾರೆ. ಇಲ್ಲವೇ ಐದು ನಿಮಿಷ ಸಾಕೆಂದುಕೊಂಡು ತಯಾರಿಲ್ಲದೆ ಬಂದು ಮೈಕ್ ಮುಂದೆ ತಡವರಿಸುತ್ತಾರೆ.

'11 ಗಂಟೆಗೆ' ಎಂದು ಗಡಿಯಾರದ ಹೊತ್ತು ಹಾಕಿ, ಜೊತೆಗೆ 'ವರದಿಯ ನಂತರ' ಎಂದೂ ಬರೆದದ್ದಕ್ಕೆ ಕಾರಣ ಉಂಟು. ಬರೀ 'ವರದಿಯ ನಂತರ' ಎಂದರೆ ವರದಿ ಎಷ್ಟು ಉದ್ದವಾದರೂ ನಡೆಯುತ್ತದೆ. ಗಂಟೆ ಬರೆದಾಗ ವರದಿ ಓದುವವರ ಮೇಲೂ ಒತ್ತಡ ಬೀಳುತ್ತದೆ.

ಪತ್ರ ಹೋಗುವ ಮುಂಚೆ ಒಂದು ಕೆಲಸ, ಹೋದ ಮೇಲೆ ಎರಡು ಕೆಲಸ ಉಂಟು. ಮುಂಚಿನದು ಫೋನ್. ಕಾರ್ಯಕ್ರಮಕ್ಕೆ ಸುಮಾರು ನಾಲ್ಕು ವಾರ ಇರುವಾಗ ಪ್ರಾಂಶುಪಾಲರೋ ಉಪನ್ಯಾಸಕರೋ ಮಾತಾಡಿ ಬಾಯಿ ಒಪ್ಪಿಗೆ ಪಡೆಯಬೇಕು. ಪತ್ರ ಎರಡು ದಿನದೊಳಗೆ ತಲುಪಬೇಕು, ಇಲ್ಲವಾದರೆ ಬಾಯಿಮಾತು ಮರೆತುಹೋಗುತ್ತದೆ. ವಾರ ಮೊದಲು ಅಚ್ಚಾದ ಆಮಂತ್ರಣ ಪತ್ರಿಕೆಯನ್ನು ಕೈಯಾರೆ ಕೊಟ್ಟು ಬರುವುದು ಮರ್ಯಾದೆ. ಆಗ ಪತ್ರದಲ್ಲಿ ಇರುವ ಹೊತ್ತೂ ಪತ್ರಿಕೆಯಲ್ಲಿ ಅಚ್ಚಾದ ಹೊತ್ತೂ ಒಂದೇ ಉಂಟಾ ಎಂದು ನೋಡಬೇಕು. ಎರಡು ಕಡೆ ಎರಡು ಹೊತ್ತು ಇದ್ದರೆ ಅತಿಥಿ ಯಾವುದನ್ನು ನಂಬಬೇಕು? ಹಿಂದಿನ ದಿನ ಸಂಜೆ ಒಂದು ಸಣ್ಣ ಫೋನ್. 'ನಾಳೆ ಹತ್ತು ಹತ್ತಕ್ಕೆ ಗೇಟಿನಲ್ಲಿ ನಾವಿರ್ತೇವೆ, ಹನ್ನೊಂದಕ್ಕೆ ನಿಮ್ಮ ಮಾತು.' ಅಷ್ಟೇ.

ಇದರ ಮೇಲೆ ನಾವು ಇನ್ನೊಂದು ಹಾಳೆ ಮಾಡಿಟ್ಟೆವು, ತಪ್ಪಿದರೆ ಏನು ಮಾಡುವುದು ಎಂದು. ಸಭೆ ತಡವಾದರೆ ಕತ್ತರಿ ಹಾಕುವುದು ವರದಿಗೆ. ಅದನ್ನು ಅಚ್ಚು ಹಾಕಿಸಿ ಕುರ್ಚಿಯ ಮೇಲಿಟ್ಟರೆ ಮುಖ್ಯಾಂಶ ಐದು ನಿಮಿಷ ಓದಿದರೆ ಸಾಕು. ಅತಿಥಿಯೇ ದಾರಿಯಲ್ಲಿ ಸಿಕ್ಕಿಬಿದ್ದರೆ ಕಿರಾಅತ್, ಸ್ವಾಗತ, ವರದಿ ಮುಗಿಸಿ, ಆಟೋಟದ ಬಹುಮಾನ ಮೊದಲು ಕೊಡುವುದು, ಪಾಠದ ಬಹುಮಾನ ಉಳಿಸಿಕೊಳ್ಳುವುದು. ಆಗಲೂ ಮಕ್ಕಳು ಕೂತಿರುತ್ತಾರೆ. ಅತಿಥಿಯ ಮಾತು ಉದ್ದವಾದರೆ ಬೆನ್ನ ಹಿಂದಿನಿಂದ ಬಂದು ಚೀಟಿ ಇಡುವುದು ಚಂದ ಅಲ್ಲ. ಚಹಾ ಕುಡಿಯುವಾಗಲೇ 'ಹದಿನೆಂಟು ನಿಮಿಷ ಆದಾಗ ಮುಂದಿನ ಸಾಲಿನಲ್ಲಿ ಒಬ್ಬಳು ಕೈಯಲ್ಲಿರುವ ಫೈಲ್ ಎತ್ತಿ ಹಿಡೀತಾಳೆ, ಆಗಬಹುದಾ?' ಎಂದು ಕೇಳಿಟ್ಟರೆ ಯಾರಿಗೂ ಮುಜುಗರ ಇಲ್ಲ.

ಆ ಶನಿವಾರ ನಾನೂ ಹೋಗಿದ್ದೆ, ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಡಾಕ್ಟರ ಕಾರು 10.05ಕ್ಕೆ ಬಂತು. ಸಭೆ ಶುರುವಾದದ್ದು 10.36ಕ್ಕೆ, ಆರು ನಿಮಿಷ ತಡ. ಸ್ವಾಗತ ನಡೆಯುವಾಗ ಗಲ್ಫಿನಿಂದ ಊರಿಗೆ ಬಂದಿದ್ದ ದಾನಿಯೊಬ್ಬರು ಕಾಣಿಸಿಕೊಂಡರು. ಅಧ್ಯಕ್ಷರು ನನ್ನ ಸೊಸೆಯನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಏನೆಂದು ಕೇಳದೆಯೇ ನನಗೆ ಗೊತ್ತು, 'ಅವರಿಗೂ ಎರಡು ಮಾತು.' ಅವಳು ಕಾರ್ಯಕ್ರಮದ ಪಟ್ಟಿಯನ್ನು ಅಧ್ಯಕ್ಷರ ಮುಂದೆ ಇಟ್ಟು, ಬೆರಳಿನಿಂದ ಒಂದು ಸಾಲು ತೋರಿಸಿ ಏನೋ ಹೇಳಿದಳು. ಅಧ್ಯಕ್ಷರು ತಲೆಯಾಡಿಸಿದರು. ಮೈಕಿನಲ್ಲಿ ಆ ದಾನಿಯ ಹೆಸರು, ಅವರು ಹತ್ತು ಮಕ್ಕಳ ಫೀಸು ಕಟ್ಟಿದ ಸಂಗತಿ ಹೇಳಿ, ಆಟೋಟದ ಬಹುಮಾನ ಅವರ ಕೈಯಿಂದಲೇ ಎಂದು ಪ್ರಕಟಿಸಿದರು. ಜನ ಚಪ್ಪಾಳೆ ತಟ್ಟಿದರು. ಒಂದು ನಿಮಿಷವೂ ಆಗಲಿಲ್ಲ.

11.03ಕ್ಕೆ ಡಾಕ್ಟರು ಎದ್ದು ನಿಂತರು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಬೀಡಿ ಕಟ್ಟುವ ಸೂಪಿನಿಂದ ಮಾತು ಶುರು ಮಾಡಿದರು. ಪಿಯುಸಿಯಲ್ಲಿ ಒಮ್ಮೆ ಕೆಮಿಸ್ಟ್ರಿಯಲ್ಲಿ ಫೇಲಾದದ್ದನ್ನು ಹೇಳಿದರು, ಹಾಸ್ಟೆಲಿಗೆ ಕಳಿಸಲು ಒಪ್ಪದ ಬಾಪನ ಎದುರು ಉಮ್ಮ ನಿಂತ ರಾತ್ರಿಯನ್ನು ಬ್ಯಾರಿಯಲ್ಲಿ ಹೇಳಿದರು. ಹೆಂಗಸರ ಸಾಲಿನಲ್ಲಿ ಕೆಲವರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಫೈಲ್ ಮೇಲೆದ್ದಾಗ ಅವರು ಅದನ್ನು ನೋಡಿ ನಕ್ಕರು. 21 ನಿಮಿಷಕ್ಕೆ ಮುಗಿಸಿದರು. ಬಹುಮಾನಕ್ಕೆ 34 ನಿಮಿಷ ಹಿಡಿಯಿತು, ಅಧ್ಯಕ್ಷರು ಎರಡು ನಿಮಿಷ ಹೆಚ್ಚು ಮಾತಾಡಿದರು, ಆದರೂ 12.15ಕ್ಕೆ ರಾಷ್ಟ್ರಗೀತೆ ಆಯಿತು. ನಾವು ಗಂಟಿನಲ್ಲಿ ಇಟ್ಟ ಹದಿನೈದು ನಿಮಿಷದಲ್ಲಿ ಐದು ಉಳಿದಿತ್ತು.

ಊಟದ ಹೊತ್ತಿಗೆ ಡಾಕ್ಟರ ಬಟ್ಟಲಿನ ಸುತ್ತ ಏಳೆಂಟು ಹುಡುಗಿಯರು ನಿಂತಿದ್ದರು. ಕಾಮರ್ಸ್ ಓದಿದವರಿಗೆ ಆಸ್ಪತ್ರೆಯಲ್ಲಿ ಯಾವ ಕೆಲಸ ಸಿಗುತ್ತದೆ ಎಂದು ಒಬ್ಬಳು ಕೇಳುತ್ತಿದ್ದಳು. ಹೊರಡುವಾಗ ಡಾಕ್ಟರು ನನ್ನ ಸೊಸೆಗೆ ಹೇಳಿದ್ದು ಇಷ್ಟೇ: "ಇಪ್ಪತ್ತು ನಿಮಿಷ ಅಂತ ಬರೆದಿದ್ದೀರಲ್ಲ, ಮೂರು ದಿನ ರಾತ್ರಿ ಗಡಿಯಾರ ಇಟ್ಟು ಮನೆಯಲ್ಲಿ ಹೇಳಿ ನೋಡಿದೆ. ಇಲ್ಲದಿದ್ದರೆ ದಾರಿಯಲ್ಲಿ ಬರುವಾಗ ಏನಾದರೂ ಯೋಚನೆ ಮಾಡುವುದು ಅಂತ ಇದ್ದೆ."

ಮೇಷ್ಟ್ರ ನಾಲ್ಕು ಹಾಳೆ ನನಗೆ ಮತ್ತೆ ನೆನಪಾಯಿತು. ಅವರೂ ಹಾಗೆಯೇ ಮನೆಯಲ್ಲಿ ಓದಿ ನೋಡಿಕೊಂಡು ಬಂದಿದ್ದರೋ ಏನೋ. ಪತ್ರದ ಒಂದು ಪ್ರತಿಯನ್ನೂ ಎರಡು ಹಾಳೆಗಳನ್ನೂ ವಿದ್ಯಾರ್ಥಿ ಸಂಘದ ಫೈಲಿನಲ್ಲಿ ಸೇರಿಸಿ ಇಡು, ಮುಂದಿನ ವರ್ಷದ ಕಾರ್ಯದರ್ಶಿಗೆ ಬೇಕಾಗುತ್ತದೆ ಎಂದು ಅವಳಿಗೆ ಹೇಳಿದೆ. ಅವಳು ಆಗಲೇ ಇಟ್ಟಾಗಿತ್ತು.